ಬೆಟ್ಟಿಂಗ್ ಖಾತೆಗೆ ಬೀಗ ಬೀಳುವುದೇಕೆ?

ಬ್ರಿಟನ್ನಿನಲ್ಲಿ ಆನ್‌ಲೈನ್ ಬೆಟ್ಟಿಂಗ್ ಕಾನೂನುಬದ್ಧ ವ್ಯಾಪಾರ. 2005ರ ಜೂಜು ಕಾಯ್ದೆಯಡಿ ಜೂಜು ಆಯೋಗ ಕಂಪನಿಗಳಿಗೆ ಪರವಾನಗಿ ಕೊಡುತ್ತದೆ ಮತ್ತು ಅವು ನಿಯಮ ಪಾಲಿಸುತ್ತಿವೆಯೇ ಎಂದು ನೋಡುತ್ತದೆ. ಆದರೂ ಪರವಾನಗಿ ಪಡೆದ ಕಂಪನಿಗಳು ಗ್ರಾಹಕರ ಖಾತೆಗಳನ್ನು ದಿನವೂ ಕಟ್ಟಿಹಾಕುತ್ತವೆ ಅಥವಾ ಮುಚ್ಚುತ್ತವೆ. ಹೀಗೆ ವ್ಯಾಪಾರದ ಕಾರಣಕ್ಕೆ ನಿರ್ಬಂಧಕ್ಕೆ ಒಳಗಾದ ಖಾತೆಗಳು ಚಾಲ್ತಿಯಲ್ಲಿರುವ ಒಟ್ಟು ಖಾತೆಗಳಲ್ಲಿ ಸುಮಾರು ಶೇ. 4ರಷ್ಟಿವೆ ಎಂದು ಆಯೋಗ 2025ರಲ್ಲಿ ತಿಳಿಸಿತು. ನೂರಕ್ಕೆ ನಾಲ್ಕು ಎಂದರೆ ಪ್ರಮಾಣ ಸಣ್ಣದು. ಆದರೆ ಕೋಟಿಗೂ ಮಿಕ್ಕಿ ಖಾತೆಗಳಿರುವ ದೇಶದಲ್ಲಿ ಅದು ಲಕ್ಷಾಂತರ ಜನರನ್ನು ತಟ್ಟುತ್ತದೆ.

ನಿರ್ಬಂಧಗಳೆಲ್ಲ ಒಂದೇ ಬಗೆಯವಲ್ಲ. ಅತಿ ಸಾಮಾನ್ಯವಾದದ್ದು ಪಣದ ಮಿತಿ. ಗ್ರಾಹಕ 100 ಪೌಂಡ್ ಕಟ್ಟಲು ಹೋದರೆ ಪರದೆಯ ಮೇಲೆ ಗರಿಷ್ಠ 2 ಪೌಂಡ್ ಎಂದು ಬರುತ್ತದೆ. ಎರಡನೆಯದು ಬೋನಸ್ ನಿಲುಗಡೆ. ಬಾಜಿ ಕಟ್ಟಬಹುದು, ಆದರೆ ಕೊಡುಗೆಗಳು ಸಿಗುವುದಿಲ್ಲ. ಮೂರನೆಯದು ಖಾತೆಯನ್ನೇ ಮುಚ್ಚಿ ಉಳಿದ ಹಣವನ್ನು ಹಿಂದಿರುಗಿಸುವುದು. ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ಇಲ್ಲಿ ಖಾತೆಯನ್ನು ತಡೆಹಿಡಿದು ಒಳಗಿರುವ ಹಣವನ್ನೂ ಕೊಡದೆ ನಿಲ್ಲಿಸಲಾಗುತ್ತದೆ.

ಮೊದಲ ಮೂರು ಬಗೆಗಳಲ್ಲಿ ಕಂಪನಿ ಹೇಳುವುದು, ಇನ್ನು ಮುಂದೆ ನಿಮ್ಮೊಡನೆ ಇಷ್ಟೇ ವ್ಯವಹಾರ ಎಂದು. ನಾಲ್ಕನೆಯದರಲ್ಲಿ ಅದು ಆಗಿಹೋದ ವ್ಯವಹಾರದ ಹಣಕ್ಕೇ ಕೈಹಾಕುತ್ತದೆ. ಮುಂದಿನ ಬಾಜಿಯನ್ನು ಒಪ್ಪಬೇಕೆಂದು ಗ್ರಾಹಕ ಒತ್ತಾಯಿಸಲಾಗದು. ಹಿಂದಿನ ಬಾಜಿಯ ಹಣವನ್ನು ಕೇಳುವ ಹಕ್ಕು ಮಾತ್ರ ಅವನಿಗೆ ಗಟ್ಟಿಯಾಗಿದೆ. ಖಾತೆಗೆ ಬೀಗ ಬಿದ್ದಾಗ ಏನು ಮಾಡಬೇಕೆಂಬುದು ಈ ವ್ಯತ್ಯಾಸವನ್ನೇ ಅವಲಂಬಿಸಿದೆ.

ಕಂಪನಿಗೆ ಹಣ ಎಲ್ಲಿಂದ ಬರುತ್ತದೆ

ನಿರ್ಬಂಧದ ಕಾರಣ ತಿಳಿಯಬೇಕಾದರೆ ಮೊದಲು ಕಂಪನಿಯ ಗಳಿಕೆಯ ಲೆಕ್ಕ ತಿಳಿಯಬೇಕು. ನಾಣ್ಯ ಚಿಮ್ಮುವ ಆಟವನ್ನೇ ತೆಗೆದುಕೊಳ್ಳೋಣ. ತಲೆ, ಬಾಲ ಎರಡಕ್ಕೂ ಸಮಾನ ಸಾಧ್ಯತೆ ಇರುವುದರಿಂದ ನ್ಯಾಯವಾದ ದರ 2.00. ಅಂದರೆ 100 ಪೌಂಡ್ ಕಟ್ಟಿ ಗೆದ್ದವನಿಗೆ ತನ್ನ ನೂರೂ ಸೇರಿ 200 ಸಿಗಬೇಕು. ಕಂಪನಿ ಎರಡೂ ಬದಿಗೆ 1.91 ದರ ಇಡುತ್ತದೆ. ಒಬ್ಬ ತಲೆಗೆ 100, ಇನ್ನೊಬ್ಬ ಬಾಲಕ್ಕೆ 100 ಕಟ್ಟಿದರೆ ಕಂಪನಿಯ ಕೈಗೆ ಬಂದದ್ದು 200, ಗೆದ್ದವನಿಗೆ ಕೊಡುವುದು 191. ಉಳಿದ 9 ಪೌಂಡ್ ಕಂಪನಿಯ ಪಾಲು.

ನಾಣ್ಯದ ಸಾಧ್ಯತೆ ಎಲ್ಲರಿಗೂ ಗೊತ್ತು. ಕ್ರಿಕೆಟ್ ಪಂದ್ಯದ್ದು ಹಾಗಲ್ಲ. ಪಂದ್ಯಕ್ಕೆ ಕೆಲವು ದಿನ ಮೊದಲೇ ಕಂಪನಿ ಒಂದು ದರ ಪ್ರಕಟಿಸುತ್ತದೆ, ಆಗ ಅದರ ಬಳಿ ಇರುವುದು ಅಂದಾಜು ಮಾತ್ರ. ಪಿಚ್ಚಿನ ಸ್ಥಿತಿ, ಗಾಯಾಳುಗಳ ಸುದ್ದಿ, ತಂಡದ ಆಯ್ಕೆ, ದೊಡ್ಡ ಬಾಜಿದಾರರ ಹಣ ಒಂದೊಂದಾಗಿ ಬಂದಂತೆ ದರ ಏರಿಳಿದು, ಪಂದ್ಯ ಶುರುವಾಗುವ ಹೊತ್ತಿಗೆ ಒಂದು ಕಡೆ ನಿಲ್ಲುತ್ತದೆ. ಎಲ್ಲ ಮಾಹಿತಿಯೂ ಸೇರಿಕೊಂಡಿರುವುದರಿಂದ ಈ ಕೊನೆಯ ದರ ನಿಜಸ್ಥಿತಿಗೆ ಅತಿ ಹತ್ತಿರದ್ದು ಎಂದು ಬೆಟ್ಟಿಂಗ್ ಕಂಪನಿಗಳು ನಂಬುತ್ತವೆ. ಗ್ರಾಹಕನನ್ನು ಅಳೆಯಲು ಅವು ಬಳಸುವ ಅಳತೆಗೋಲೂ ಇದೇ.

ಚುರುಕು ಬಾಜಿದಾರನನ್ನು ಗುರುತಿಸುವ ಬಗೆ

ಹೆಚ್ಚು ಗೆದ್ದವರನ್ನು ಕಂಪನಿ ಹೊರಹಾಕುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಅರ್ಧ ಸತ್ಯ. ಅದೃಷ್ಟದಿಂದ ಒಂದು ತಿಂಗಳು ಗೆದ್ದವನು ಮುಂದಿನ ಮೂರು ತಿಂಗಳಲ್ಲಿ ಅಷ್ಟನ್ನೂ ಕಳೆದುಕೊಳ್ಳುತ್ತಾನೆ ಎಂಬ ಧೈರ್ಯ ಕಂಪನಿಗಿದೆ. ಅದು ಹೆದರುವುದು ಒಳ್ಳೆಯ ದರವನ್ನು ಮತ್ತೆ ಮತ್ತೆ ಮೊದಲೇ ಹಿಡಿಯುವವನಿಗೆ. ಬೆಟ್ಟಿಂಗ್ ಲೋಕದಲ್ಲಿ ಅಂಥವನನ್ನು ಶಾರ್ಪ್ ಎನ್ನುತ್ತಾರೆ.

ಒಂದು ಲೆಕ್ಕ ನೋಡೋಣ. ಭಾನುವಾರದ ಒಂದು ಟಿ20 ಪಂದ್ಯಕ್ಕೆ ಗುರುವಾರ ಬೆಳಿಗ್ಗೆ ಕಂಪನಿ ಒಂದು ತಂಡಕ್ಕೆ 2.20 ದರ ಇಟ್ಟಿದೆ ಎಂದುಕೊಳ್ಳೋಣ. ಗ್ರಾಹಕನೊಬ್ಬ ಆಗಲೇ 50 ಪೌಂಡ್ ಕಟ್ಟುತ್ತಾನೆ. ಭಾನುವಾರ ಟಾಸ್ ಹೊತ್ತಿಗೆ ಆ ತಂಡದ ದರ 1.95ಕ್ಕೆ, ಎದುರಾಳಿಯ ದರ 1.87ಕ್ಕೆ ಬಂದು ನಿಲ್ಲುತ್ತದೆ. ಕಂಪನಿಯ ಪಾಲನ್ನು ತೆಗೆದು ನೋಡಿದರೆ ಆ ತಂಡ ಗೆಲ್ಲುವ ಸಾಧ್ಯತೆ ಸುಮಾರು ಶೇ. 49.

ಇಂಥ ನೂರು ಬಾಜಿಗಳನ್ನು ಗುರುವಾರದ ದರದಲ್ಲೇ ಕಟ್ಟಿದರೆ ಗ್ರಾಹಕ ಹಾಕುವುದು 5,000 ಪೌಂಡ್. ಅವುಗಳಲ್ಲಿ 49 ಗೆದ್ದರೆ, ಒಂದಕ್ಕೆ 110ರಂತೆ, ಕೈಗೆ ಬರುವುದು 5,390. ಲಾಭ 390 ಪೌಂಡ್. ಅದೇ ನೂರು ಬಾಜಿಗಳನ್ನು ಭಾನುವಾರದ 1.95ರಲ್ಲಿ ಕಟ್ಟಿದವನಿಗೆ ಬರುವುದು ಸುಮಾರು 4,778, ನಷ್ಟ 222 ಪೌಂಡ್. ತಂಡವೂ ಫಲಿತಾಂಶವೂ ಎರಡು ಕಡೆಯೂ ಒಂದೇ. ದರ ಹಿಡಿದ ಸಮಯವಷ್ಟೇ ಬೇರೆ. ಒಬ್ಬನಿಂದ ಕಂಪನಿಗೆ ಲಾಭ, ಇನ್ನೊಬ್ಬನಿಂದ ನಷ್ಟ.

ಆದ್ದರಿಂದಲೇ ಕಂಪನಿಯ ವ್ಯವಸ್ಥೆ ಫಲಿತಾಂಶಕ್ಕಾಗಿ ಕಾಯುವುದಿಲ್ಲ. ಪ್ರತಿ ಬಾಜಿಯ ದರವನ್ನು ಕೊನೆಯ ದರದೊಡನೆ ಹೋಲಿಸಿ ಟಿಪ್ಪಣಿ ಇಟ್ಟುಕೊಳ್ಳುತ್ತದೆ. ಸತತವಾಗಿ ಹತ್ತಿಪ್ಪತ್ತು ಬಾಜಿಗಳಲ್ಲಿ ಗ್ರಾಹಕ ಹಿಡಿದ ದರ ಕೊನೆಯ ದರಕ್ಕಿಂತ ಮೇಲಿದ್ದರೆ ಅವನ ಖಾತೆಗೆ ಗುರುತು ಬೀಳುತ್ತದೆ. ಅಷ್ಟರಲ್ಲಿ ಅವನು ಒಟ್ಟಾರೆ ಸೋತಿದ್ದರೂ ಅದರಿಂದ ವ್ಯತ್ಯಾಸವಾಗದು. ಸೋತಿದ್ದೇನೆ, ಆದರೂ ಮಿತಿ ಏಕೆ ಎಂದು ಕೇಳುವ ಗ್ರಾಹಕನಿಗೆ ಉತ್ತರ ಇಲ್ಲಿದೆ.

ಇದರ ಜೊತೆಗೆ ಬೇರೆ ಗುರುತುಗಳೂ ಇವೆ. ದೊಡ್ಡ ಪಂದ್ಯಗಳನ್ನು ಬಿಟ್ಟು ಯಾರೂ ನೋಡದ ಕೆಳದರ್ಜೆಯ ಲೀಗುಗಳಲ್ಲೇ ಬಾಜಿ ಕಟ್ಟುವುದು ಒಂದು. ದರ ಪ್ರಕಟವಾದ ಕೆಲವೇ ನಿಮಿಷಗಳಲ್ಲಿ ಬರುವುದು ಇನ್ನೊಂದು. ಲೆಕ್ಕಾಚಾರದಿಂದ ಬಂದ 47.62 ಪೌಂಡಿನಂಥ ಚಿಲ್ಲರೆ ಮೊತ್ತಗಳನ್ನು ಕಟ್ಟುವುದೂ ಅನುಮಾನ ಹುಟ್ಟಿಸುತ್ತದೆ, ಏಕೆಂದರೆ ಸಾಮಾನ್ಯ ಗ್ರಾಹಕ 10, 20, 50 ಎಂದು ದುಂಡು ಮೊತ್ತ ಕಟ್ಟುತ್ತಾನೆ. ಎರಡು ಕಂಪನಿಗಳ ದರಗಳ ನಡುವಿನ ಅಂತರವನ್ನು ಬಳಸಿಕೊಂಡು ಎರಡೂ ಬದಿಗೆ ಹಣ ಹಾಕುವವರ ಮೊತ್ತಗಳು ಹೀಗೆ ಮುರುಕಾಗಿರುತ್ತವೆ.

ಗುರುತು ಬಿದ್ದ ಮೇಲೆ ಕಂಪನಿ ಆ ಖಾತೆಗೆ ಒಂದು ಪ್ರಮಾಣ ನಿಗದಿ ಮಾಡುತ್ತದೆ. ಸಾಮಾನ್ಯ ಗ್ರಾಹಕನಿಗೆ ಪೂರ್ತಿ ಮಿತಿ ಸಿಕ್ಕರೆ ಇವನಿಗೆ ಅದರ ಹತ್ತರಲ್ಲೊಂದು ಪಾಲು, ಕೆಲವೊಮ್ಮೆ ನೂರರಲ್ಲೊಂದು ಪಾಲು. 500 ಪೌಂಡ್ ಕಟ್ಟಬಹುದಾದ ಕಡೆ 5 ಪೌಂಡ್ ಎಂದು ತೋರಿಸುವುದು ಈ ಪ್ರಮಾಣದಿಂದಲೇ. ಬಹಳಷ್ಟು ಸಲ ಯಾವ ಪತ್ರವೂ ಬರುವುದಿಲ್ಲ. ಬಾಜಿ ಕಟ್ಟಲು ಹೋದಾಗಲೇ ಗ್ರಾಹಕನಿಗೆ ವಿಷಯ ತಿಳಿಯುತ್ತದೆ.

ಬ್ರಿಟನ್ನಿನ ಕಾನೂನಿನಲ್ಲಿ ಇದು ತಪ್ಪಲ್ಲ. ಬಾಜಿಯೂ ಒಂದು ಕರಾರು. ಕರಾರಿಗೆ ಎರಡೂ ಕಡೆಯ ಒಪ್ಪಿಗೆ ಬೇಕು. ಜನಾಂಗ, ಧರ್ಮ, ಲಿಂಗ, ಅಂಗವೈಕಲ್ಯದಂಥ ಕಾರಣಕ್ಕೆ ನಿರಾಕರಿಸಿದರೆ 2010ರ ಸಮಾನತೆ ಕಾಯ್ದೆ ಅಡ್ಡಬರುತ್ತದೆ. ಚುರುಕಾಗಿ ಬಾಜಿ ಕಟ್ಟುವುದು ಆ ಪಟ್ಟಿಯಲ್ಲಿಲ್ಲ. ಎಲ್ಲ ದೇಶಗಳೂ ಇದನ್ನು ಹೀಗೇ ಬಿಟ್ಟಿಲ್ಲ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದ ಕುದುರೆ ಪಂದ್ಯ ಮಂಡಳಿ 2014ರಲ್ಲಿ ಕನಿಷ್ಠ ಬಾಜಿಯ ನಿಯಮ ತಂದಿತು. ಅಲ್ಲಿನ ರೇಸುಗಳ ಮೇಲೆ ದರ ಇಡುವ ಕಂಪನಿ, ಗ್ರಾಹಕ ಎಷ್ಟೇ ಚುರುಕಾಗಿದ್ದರೂ, ನಿಗದಿತ ಮೊತ್ತದವರೆಗೆ ಅವನ ಬಾಜಿಯನ್ನು ಒಪ್ಪಲೇಬೇಕು. ಬ್ರಿಟನ್ನಿನಲ್ಲಿ ಅಂಥ ನಿಯಮ ಇಲ್ಲ.

ಬೋನಸ್ಸಿನ ಲೆಕ್ಕ

ಹೊಸ ಗ್ರಾಹಕರನ್ನು ಸೆಳೆಯಲು ಕಂಪನಿಗಳು ಫ್ರೀ ಬೆಟ್ ಕೊಡುತ್ತವೆ. ಬಂದವನು ಆಮೇಲೆ ಉಳಿದುಕೊಂಡು ತನ್ನ ಹಣದಿಂದ ಆಡುತ್ತಾನೆ ಎಂಬುದು ಅವುಗಳ ನಿರೀಕ್ಷೆ. ಕೊಡುಗೆಯನ್ನು ಮಾತ್ರ ಪಡೆದು ಹೊರಟುಹೋಗುವವನಿಂದ ಆ ಖರ್ಚು ಹುಟ್ಟುವುದಿಲ್ಲ.

ಇದನ್ನು ಮಾಡುವ ಬಗೆ ಗುಟ್ಟೇನಲ್ಲ. ಬ್ರಿಟನ್ನಿನಲ್ಲಿ 2000ದಿಂದ ಬೆಟ್ಟಿಂಗ್ ವಿನಿಮಯ ಕೇಂದ್ರಗಳಿವೆ. ಅಲ್ಲಿ ಗ್ರಾಹಕರು ಪರಸ್ಪರರ ವಿರುದ್ಧ ಬಾಜಿ ಕಟ್ಟುತ್ತಾರೆ, ಒಂದು ತಂಡ ಗೆಲ್ಲುವುದಿಲ್ಲ ಎಂದೂ ಕಟ್ಟಬಹುದು. ಗ್ರಾಹಕನೊಬ್ಬನಿಗೆ 20 ಪೌಂಡಿನ ಫ್ರೀ ಬೆಟ್ ಸಿಕ್ಕಿದೆ ಎಂದುಕೊಳ್ಳೋಣ. ಅದನ್ನು ಅವನು 5.00 ದರದ ತಂಡದ ಮೇಲೆ ಹಾಕುತ್ತಾನೆ. ಗೆದ್ದರೆ ಫ್ರೀ ಬೆಟ್ಟಿನ 20 ವಾಪಸಾಗದು, ಲಾಭದ 80 ಮಾತ್ರ ಸಿಗುತ್ತದೆ. ಅದೇ ವೇಳೆ ವಿನಿಮಯ ಕೇಂದ್ರದಲ್ಲಿ ಆ ತಂಡ ಗೆಲ್ಲುವುದಿಲ್ಲವೆಂದು 5.20 ದರದಲ್ಲಿ 15.44 ಪೌಂಡ್ ಕಟ್ಟುತ್ತಾನೆ. ತಂಡ ಗೆದ್ದರೆ ಒಂದು ಕಡೆ 80 ಬಂದು ಇನ್ನೊಂದು ಕಡೆ ಸುಮಾರು 65 ಹೋಗುತ್ತದೆ. ಸೋತರೆ ಫ್ರೀ ಬೆಟ್ ಹೋಗುತ್ತದೆ, ಕೇಂದ್ರದಿಂದ ಶೇ. 2ರ ಕಮಿಷನ್ ಕಳೆದು 15 ಪೌಂಡಿಗೂ ಸ್ವಲ್ಪ ಹೆಚ್ಚು ಬರುತ್ತದೆ. ಯಾರು ಗೆದ್ದರೂ ಇವನಿಗೆ ಸುಮಾರು 15 ಪೌಂಡ್.

ಒಬ್ಬ ವ್ಯಕ್ತಿ ತನ್ನ ಒಂದೇ ಖಾತೆಯಲ್ಲಿ, ಕೊಡುಗೆಯ ಷರತ್ತುಗಳಿಗೆ ಒಳಪಟ್ಟು ಹೀಗೆ ಮಾಡಿದರೆ ಅದು ಅಪರಾಧವಲ್ಲ. ಕಂಪನಿಗೆ ಮಾತ್ರ ಅವನು ಬೇಡದ ಗ್ರಾಹಕ. ಬೋನಸ್ ಬಂದಾಗ ಮಾತ್ರ ಬರುವುದು, ಯಾವಾಗಲೂ ಕೊಡುಗೆಯ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುವುದು, ಎತ್ತರದ ದರಗಳನ್ನೇ ಆರಿಸುವುದು ಇವೆಲ್ಲ ಕೆಲವೇ ವಾರಗಳಲ್ಲಿ ಕಂಪನಿಯ ಕಣ್ಣಿಗೆ ಬೀಳುತ್ತವೆ. ಆಮೇಲೆ ಕೊಡುಗೆಗಳು ನಿಲ್ಲುತ್ತವೆ. ಮುಂದಿನ ಕೊಡುಗೆಯನ್ನು ನಿಲ್ಲಿಸುವುದು ಕಂಪನಿಯ ಇಷ್ಟ.

ಜಗಳ ಹುಟ್ಟುವುದು ಕಂಪನಿ ಒಂದು ಹೆಜ್ಜೆ ಮುಂದೆ ಹೋಗಿ, ಬೋನಸ್ ದುರುಪಯೋಗವಾಗಿದೆ ಎಂದು ಹೇಳಿ ಗೆದ್ದ ಹಣವನ್ನೂ ಹಿಡಿದುಕೊಂಡಾಗ. ಅಲ್ಲಿ ಕೇಳಬೇಕಾದ ಪ್ರಶ್ನೆ, ಯಾವ ಷರತ್ತು ಮುರಿಯಲಾಗಿದೆ ಎಂಬುದು. ಕೊಡುಗೆಗಳಿಗೆ ಹಲವು ಷರತ್ತುಗಳಿರುತ್ತವೆ. ಬೋನಸ್ ಹಣವನ್ನು ಇಷ್ಟು ಪಟ್ಟು ಆಡಿದ ಮೇಲೆಯೇ ತೆಗೆಯಬಹುದು ಎಂಬುದು ಅವುಗಳಲ್ಲಿ ಮುಖ್ಯ. ಹಿಂದೆ ಇದು 30, 40 ಪಟ್ಟು ಇರುತ್ತಿತ್ತು. 2026ರ ಜನವರಿ 19ರಿಂದ ಬ್ರಿಟನ್ನಿನ ಆಯೋಗ ಇದನ್ನು 10 ಪಟ್ಟಿಗೆ ಮಿತಿಗೊಳಿಸಿದೆ. ಬೋನಸ್ಸಿನ ಜೊತೆ ಗ್ರಾಹಕ ಹಾಕಿದ ಸ್ವಂತ ಹಣದ ಪ್ರಶ್ನೆಯೂ ಇತ್ತು. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ತನಿಖೆ ನಡೆಸಿ 2018ರಲ್ಲಿ ದೊಡ್ಡ ಕಂಪನಿಗಳಿಂದ ಮುಚ್ಚಳಿಕೆ ಪಡೆಯಿತು. ಸ್ವಂತ ಠೇವಣಿಯನ್ನು ತೆಗೆಯಲು ಗ್ರಾಹಕ ಪದೇಪದೇ ಆಡಬೇಕು ಎಂಬ ಷರತ್ತು ಹಾಗೆ ಹೋಯಿತು.

ಷರತ್ತು ಬರೆದಿದ್ದರಷ್ಟೇ ಸಾಲದು. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಅದು ನ್ಯಾಯವಾಗಿರಬೇಕು, ಸಾಮಾನ್ಯ ಓದುಗನಿಗೆ ಅರ್ಥವಾಗುವಂತಿರಬೇಕು. 2018ರ ಜನವರಿಯಲ್ಲಿ ಬೆಟ್‌ಫ್ರೆಡ್ ಕಂಪನಿಯ ಆಪ್‌ನಲ್ಲಿ ಬ್ಲ್ಯಾಕ್‌ಜಾಕ್ ಆಡಿದ ಗ್ರಾಹಕರೊಬ್ಬರು 17 ಲಕ್ಷ ಪೌಂಡ್ ಗೆದ್ದರು. ಆಟದ ಸಾಫ್ಟ್‌ವೇರಿನಲ್ಲಿ ದೋಷವಿತ್ತು, ಅಂಥ ಸಂದರ್ಭದಲ್ಲಿ ಹಣ ಕೊಡಬೇಕಿಲ್ಲ ಎಂದು ಷರತ್ತಿನಲ್ಲಿದೆ ಎಂದು ಕಂಪನಿ ವಾದಿಸಿತು. 2021ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಗ್ರಾಹಕರ ಪರ ತೀರ್ಪು ಕೊಟ್ಟಿತು. ಆ ಷರತ್ತುಗಳು ಸ್ಪಷ್ಟವಾಗಿರಲಿಲ್ಲ, ಗ್ರಾಹಕರ ಗಮನಕ್ಕೆ ಸರಿಯಾಗಿ ತರಲಾಗಿರಲಿಲ್ಲ ಎಂಬುದು ಅದರ ಸಾರ. ಪ್ರಕರಣ ಬೋನಸ್ಸಿನದಲ್ಲ, ಆದರೆ ಉದ್ದನೆಯ ಪುಟಗಳ ನಡುವೆ ಹುದುಗಿಸಿಟ್ಟ ಷರತ್ತನ್ನು ತೋರಿಸಿ ಹಣ ತಡೆಹಿಡಿಯುವ ಎಲ್ಲ ಪ್ರಕರಣಗಳಿಗೂ ಅದರ ತರ್ಕ ಸಲ್ಲುತ್ತದೆ.

ಒಬ್ಬನಿಗೆ ಎರಡು ಖಾತೆ

ಒಬ್ಬ ವ್ಯಕ್ತಿಗೆ ಒಂದೇ ಖಾತೆ ಎಂಬುದು ಬಹುತೇಕ ಎಲ್ಲ ಕಂಪನಿಗಳ ನಿಯಮ. ಎರಡನೆಯ ಖಾತೆ ತೆರೆಯುವವರಿಗೆ ಸಾಮಾನ್ಯವಾಗಿ ಮೂರು ಉದ್ದೇಶಗಳಿರುತ್ತವೆ. ಹೊಸಬರ ಬೋನಸ್ಸನ್ನು ಮತ್ತೆ ಪಡೆಯುವುದು, ಮಿತಿ ಬಿದ್ದ ಮೇಲೆ ಬೇರೆ ಹೆಸರಿನಲ್ಲಿ ಮುಂದುವರಿಯುವುದು, ಜೂಜಿನಿಂದ ತಾವೇ ಹೊರಗುಳಿದ ಮೇಲೆ ಕಳ್ಳದಾರಿಯಲ್ಲಿ ಒಳಬರುವುದು. ಮೂರನೆಯದು ಆ ವ್ಯಕ್ತಿಗೇ ಅಪಾಯಕರ. ಗ್ಯಾಮ್‌ಸ್ಟಾಪ್ ಎಂಬ ವ್ಯವಸ್ಥೆಯಲ್ಲಿ ಹೆಸರು ಕೊಟ್ಟವರನ್ನು ಬ್ರಿಟನ್ನಿನ ಪರವಾನಗಿ ಪಡೆದ ಎಲ್ಲ ಆನ್‌ಲೈನ್ ಕಂಪನಿಗಳೂ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ ದೂರವಿಡಬೇಕು.

ಖಾತೆಗಳ ನಡುವಿನ ನಂಟನ್ನು ಕಂಪನಿಗಳು ಹಲವು ಎಳೆಗಳಿಂದ ಹಿಡಿಯುತ್ತವೆ. ಒಂದೇ ವಿಳಾಸ, ಒಂದೇ ಇಂಟರ್‌ನೆಟ್ ಸಂಪರ್ಕ, ಒಂದೇ ಫೋನ್, ಒಂದೇ ಬ್ಯಾಂಕ್ ಕಾರ್ಡ್ ಇವು ಮೊದಲ ಸುಳಿವುಗಳು. ಬ್ರೌಸರಿನ ಆವೃತ್ತಿ, ಪರದೆಯ ಅಳತೆ, ಫೋನಿನ ಭಾಷೆ, ಸಮಯದ ಹೊಂದಾಣಿಕೆ ಇವನ್ನೆಲ್ಲ ಒಟ್ಟುಗೂಡಿಸಿದರೆ ಪ್ರತಿ ಸಾಧನಕ್ಕೂ ಒಂದು ಬೆರಳಚ್ಚು ಸಿಗುತ್ತದೆ. ಇವೆಲ್ಲಕ್ಕಿಂತ ಬಲವಾದ ಸಾಕ್ಷಿ ಬಾಜಿಗಳದ್ದೇ. ಎರಡು ಖಾತೆಗಳು ಒಂದೇ ಪಂದ್ಯಕ್ಕೆ, ಒಂದೇ ಬದಿಗೆ, ಅರ್ಧ ನಿಮಿಷದ ಅಂತರದಲ್ಲಿ ಮತ್ತೆ ಮತ್ತೆ ಹಣ ಕಟ್ಟಿದರೆ ಅದನ್ನು ಕಾಕತಾಳೀಯವೆಂದು ಯಾರೂ ಒಪ್ಪುವುದಿಲ್ಲ.

ಈ ಬಲೆಯಲ್ಲಿ ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಓದಲೆಂದೋ ಕೆಲಸಕ್ಕೆಂದೋ ಕರ್ನಾಟಕದಿಂದ ಬ್ರಿಟನ್ನಿಗೆ ಹೋದ ಯುವಕರು ಖರ್ಚು ಉಳಿಸಲು ನಾಲ್ಕೈದು ಮಂದಿ ಒಂದು ಮನೆ ಹಂಚಿಕೊಳ್ಳುವುದು ಸಾಮಾನ್ಯ. ಮನೆಯ ವೈಫೈ ಒಂದೇ, ವಿಳಾಸ ಒಂದೇ. ಒಬ್ಬನ ಲ್ಯಾಪ್‌ಟಾಪಿನಿಂದ ಇನ್ನೊಬ್ಬ ಲಾಗಿನ್ ಆಗುವುದೂ ಉಂಟು. ನಾಲ್ವರೂ ಪ್ರತ್ಯೇಕ ವ್ಯಕ್ತಿಗಳೇ ಆಗಿದ್ದರೂ ಕಂಪನಿಗೆ ಒಬ್ಬನೇ ನಾಲ್ಕು ಖಾತೆ ತೆರೆದಂತೆ ಕಾಣುತ್ತದೆ. ಅದರ ಮೇಲೆ, ಎಷ್ಟೋ ಕೊಡುಗೆಗಳು ಒಂದು ಮನೆಗೆ ಒಂದೇ ಎಂಬ ಷರತ್ತಿನವು.

ಕನ್ನಡಿಗರ ಹೆಸರುಗಳೂ ತೊಡಕು ತರುತ್ತವೆ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ಲುಗಳಾಗಿ ಮುಂದೆ ನಿಲ್ಲುತ್ತವೆ. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ತಂದೆಯ ಹೆಸರೇ ಮನೆತನದ ಹೆಸರಾಗಿಬಿಡುತ್ತದೆ. ಬ್ಯಾಂಕು ಅದನ್ನೇ ಇನ್ನೊಂದು ಕ್ರಮದಲ್ಲಿ ಬರೆಯುತ್ತದೆ. ಬೆಟ್ಟಿಂಗ್ ಖಾತೆಯಲ್ಲಿ ಒಂದು ರೂಪ, ಕಾರ್ಡಿನಲ್ಲಿ ಇನ್ನೊಂದು ರೂಪ ಇದ್ದಾಗ, ಬೇರೆಯವರ ಕಾರ್ಡ್ ಬಳಸಲಾಗಿದೆ ಎಂದು ಯಂತ್ರ ತೀರ್ಮಾನಿಸುತ್ತದೆ. ಪಾಸ್‌ಪೋರ್ಟ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಎರಡನ್ನೂ ಒಟ್ಟಿಗೆ ಕಳಿಸಿ, ಹೆಸರಿನ ಯಾವ ಭಾಗ ಏನೆಂದು ಎರಡು ಸಾಲಿನಲ್ಲಿ ವಿವರಿಸಿದರೆ ಇಂಥ ಪ್ರಕರಣ ಬಗೆಹರಿಯುವ ಸಾಧ್ಯತೆ ಹೆಚ್ಚು.

ಇನ್ನೊಬ್ಬರ ಹೆಸರಿನಲ್ಲಿ ಆಡುವುದು ಮಾತ್ರ ಬೇರೆಯೇ ಮಾತು. ಮಿತಿ ಬಿದ್ದವರು ಹೆಂಡತಿ, ತಮ್ಮ ಅಥವಾ ಗೆಳೆಯನ ಗುರುತಿನ ಚೀಟಿಯಲ್ಲಿ ಖಾತೆ ತೆರೆಯುತ್ತಾರೆ. ಹೀಗೆ ಮಾಡಿದವನು ತಾನಾಗಿಯೇ ತನ್ನ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಕರಾರು ಯಾರ ಹೆಸರಿನಲ್ಲಿದೆಯೋ ಅವರು ಬಾಜಿ ಕಟ್ಟಿಲ್ಲ, ಕಟ್ಟಿದವನು ಕರಾರಿನಲ್ಲಿಲ್ಲ. ಸುಳ್ಳು ವಿವರ ಕೊಟ್ಟು ಲಾಭ ಪಡೆಯುವುದು ವಂಚನೆಯ ಅಪರಾಧವೂ ಆಗಬಹುದು. ಹೆಸರು ಕೊಟ್ಟ ಬಂಧುವೂ ಅದರಲ್ಲಿ ಸಿಲುಕುತ್ತಾರೆ.

ಕಾನೂನಿನ ಒತ್ತಾಯದಿಂದ ಬೀಳುವ ತಡೆ

ಕೆಲವು ತಡೆಗಳು ಲಾಭನಷ್ಟದ ಲೆಕ್ಕದಿಂದ ಬಂದವಲ್ಲ. 2019ರ ಮೇ ತಿಂಗಳಿಂದ ಬ್ರಿಟನ್ನಿನ ಕಂಪನಿಗಳು ಗ್ರಾಹಕನ ಹೆಸರು, ವಿಳಾಸ, ಜನ್ಮದಿನಾಂಕವನ್ನು ಆಟಕ್ಕೆ ಮೊದಲೇ ಪರಿಶೀಲಿಸಬೇಕು. ಸೋಲುವ ತನಕ ಸುಮ್ಮನಿದ್ದು ಗೆದ್ದ ಮೇಲೆ ದಾಖಲೆ ಕೇಳುವ ಹಳೆಯ ಚಾಳಿಗೆ ಇದರಿಂದ ಕಡಿವಾಣ ಬಿತ್ತು. ಮೊದಲೇ ಕೇಳಬಹುದಾಗಿದ್ದ ದಾಖಲೆಯನ್ನು ಹಣ ತೆಗೆಯುವ ಹೊತ್ತಿಗೆ ಷರತ್ತಾಗಿ ಒಡ್ಡುವಂತಿಲ್ಲ.

ಅಕ್ರಮ ಹಣದ ಅನುಮಾನವಿದ್ದರೆ ಕಂಪನಿ ಹಣದ ಮೂಲ ಕೇಳಲೇಬೇಕು. ಅನುಮಾನ ಬಲವಾಗಿದ್ದರೆ ರಾಷ್ಟ್ರೀಯ ಅಪರಾಧ ಸಂಸ್ಥೆಗೆ ವರದಿ ಮಾಡಿ ಹಣ ಬಿಡಲು ಅನುಮತಿ ಕೇಳುತ್ತದೆ. ಸಂಸ್ಥೆಗೆ ಉತ್ತರಿಸಲು ಏಳು ಕೆಲಸದ ದಿನಗಳಿವೆ. ಅದು ಬೇಡವೆಂದರೆ ತಡೆ ಇನ್ನೂ 31 ದಿನ, ನ್ಯಾಯಾಲಯ ಒಪ್ಪಿದರೆ ಅದಕ್ಕಿಂತ ಹೆಚ್ಚು ಕಾಲ ಮುಂದುವರಿಯಬಹುದು. ಈ ವರದಿಯ ವಿಷಯವನ್ನು ಗ್ರಾಹಕನಿಗೆ ತಿಳಿಸಿ ತನಿಖೆಗೆ ಧಕ್ಕೆ ತರುವುದೇ ಅಪರಾಧ. ಸಹಾಯವಾಣಿಯವರು ಕೆಲವೊಮ್ಮೆ ಪರಿಶೀಲನೆಯಲ್ಲಿದೆ ಎಂಬ ಒಂದೇ ಮಾತನ್ನು ಹೇಳುತ್ತಿರಲು ಇದೂ ಕಾರಣವಿರಬಹುದು.

ಬೀಗ ಬಿದ್ದಾಗ ಮಾಡಬೇಕಾದದ್ದು

ಮೊದಲ ಕೆಲಸ ದಾಖಲೆ ಉಳಿಸಿಕೊಳ್ಳುವುದು. ಖಾತೆಯ ಬಾಕಿ, ಬಾಜಿಗಳ ಪಟ್ಟಿ, ಠೇವಣಿಗಳ ವಿವರ, ಬೋನಸ್ಸಿನ ಷರತ್ತುಗಳ ಪುಟ ಇವುಗಳ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಖಾತೆ ಪೂರ್ತಿ ಮುಚ್ಚಿದ ಮೇಲೆ ಇವು ಕಾಣದೆ ಹೋಗಬಹುದು, ಷರತ್ತುಗಳ ಪುಟ ಬದಲಾಗಲೂಬಹುದು. ಆಮೇಲೆ ಯಾವ ಬಗೆಯ ನಿರ್ಬಂಧ ಎಂದು ಗುರುತಿಸಬೇಕು. ಹಣ ತೆಗೆಯಲು ಬರುತ್ತಿದ್ದರೆ ಅದು ಮುಂದಿನ ವ್ಯವಹಾರದ ನಿರ್ಬಂಧ. ಅಲ್ಲಿ ಬಾಕಿ ಹಣ ತೆಗೆದುಕೊಂಡು ವಿಷಯವನ್ನು ಅಲ್ಲಿಗೇ ಬಿಡುವುದು ಜಾಣತನ. ದೂರು ಕೊಟ್ಟರೆ ಮಿತಿ ಸಡಿಲವಾಗುವುದು ಅಪರೂಪ.

ಹಣವೇ ತಡೆಹಿಡಿಯಲ್ಪಟ್ಟಿದ್ದರೆ ಕೇಳಿದ ದಾಖಲೆಗಳನ್ನು ಒಂದೇ ಸಲ, ಓದಲು ಬರುವಂತೆ ಕಳಿಸಬೇಕು. ಮೂಲೆ ಕತ್ತರಿಸಿದ ಫೋಟೊ, ಹಳೆಯ ವಿಳಾಸದ ಬಿಲ್ ಕಳಿಸಿದರೆ ವಾರಗಳು ವ್ಯರ್ಥವಾಗುತ್ತವೆ. ಚಾಟ್‌ನಲ್ಲಿ ಜಗಳವಾಡಿ ಫಲವಿಲ್ಲ. ದೂರು ಎಂದು ಸ್ಪಷ್ಟವಾಗಿ ತಲೆಬರಹ ಹಾಕಿ ಇ-ಮೇಲ್ ಬರೆಯಬೇಕು. ಖಾತೆಯ ಹೆಸರು, ತಡೆಹಿಡಿದ ಮೊತ್ತ, ತಡೆ ಬಿದ್ದ ದಿನಾಂಕ ಬರೆದು, ಯಾವ ಷರತ್ತಿನ ಯಾವ ಸಂಖ್ಯೆಯ ಅಡಿ ಹಣ ತಡೆಹಿಡಿಯಲಾಗಿದೆ, ಅದಕ್ಕೆ ಆಧಾರವೇನು ಎಂದು ಕೇಳಬೇಕು. ಅಸ್ಪಷ್ಟ ಆರೋಪವನ್ನು ನಿಶ್ಚಿತ ಉತ್ತರಕ್ಕೆ ತಂದು ನಿಲ್ಲಿಸುವುದು ಈ ಪ್ರಶ್ನೆಯೇ. ಜೊತೆಗೆ ತನ್ನ ಬಗ್ಗೆ ಕಂಪನಿ ಇಟ್ಟುಕೊಂಡಿರುವ ಮಾಹಿತಿಯ ಪ್ರತಿಯನ್ನೂ ಗ್ರಾಹಕ ಕೇಳಬಹುದು. ಬ್ರಿಟನ್ನಿನ ದತ್ತಾಂಶ ರಕ್ಷಣೆ ಕಾನೂನಿನಂತೆ ಅದನ್ನು ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಶುಲ್ಕವಿಲ್ಲದೆ ಕೊಡಬೇಕು.

ದೂರಿಗೆ ಅಂತಿಮ ಉತ್ತರ ಕೊಡಲು ಕಂಪನಿಗೆ ಎಂಟು ವಾರಗಳ ಗಡುವಿದೆ. ಉತ್ತರ ಸಮಾಧಾನ ತರದಿದ್ದರೆ ಅಥವಾ ಗಡುವು ಮುಗಿದರೆ, ಕಂಪನಿ ಸೂಚಿಸಿರುವ ಸ್ವತಂತ್ರ ವ್ಯಾಜ್ಯ ಪರಿಹಾರ ಸಂಸ್ಥೆಗೆ ಹೋಗಬಹುದು. ಗ್ರಾಹಕನಿಗೆ ಅದು ಉಚಿತ. ಐಬಾಸ್ ಎಂದು ಕರೆಯುವ ಸ್ವತಂತ್ರ ಬೆಟ್ಟಿಂಗ್ ತೀರ್ಪು ಸೇವೆ ಇವುಗಳಲ್ಲಿ ಹೆಸರಾದದ್ದು. ಇಂಥ ಸಂಸ್ಥೆ ಆಗಿಹೋದ ಬಾಜಿಯ ಹಣದ ಬಗ್ಗೆ ತೀರ್ಮಾನಿಸುತ್ತದೆ, ಮುಂದಿನ ಬಾಜಿಯನ್ನು ಒಪ್ಪಿರೆಂದು ಕಂಪನಿಗೆ ಹೇಳುವುದಿಲ್ಲ. ಜೂಜು ಆಯೋಗಕ್ಕೂ ವಿಷಯ ತಿಳಿಸಬಹುದು, ಆದರೆ ಒಬ್ಬೊಬ್ಬರ ಹಣ ಕೊಡಿಸುವ ಕೆಲಸ ಅದರದಲ್ಲ. ಕಂಪನಿಗಳ ನಡವಳಿಕೆಯನ್ನು ತೂಗಲು ಅದು ಆ ಮಾಹಿತಿಯನ್ನು ಬಳಸುತ್ತದೆ.

ಕೊನೆಯ ದಾರಿ ನ್ಯಾಯಾಲಯ. 1845ರ ಕಾಯ್ದೆಯಿಂದ ಶುರುವಾಗಿ ಬಹುಕಾಲ ಬ್ರಿಟನ್ನಿನಲ್ಲಿ ಬಾಜಿಯ ಹಣಕ್ಕಾಗಿ ದಾವೆ ಹೂಡುವಂತಿರಲಿಲ್ಲ. 2005ರ ಕಾಯ್ದೆಯ 335ನೇ ವಿಧಿ ಆ ಸ್ಥಿತಿಯನ್ನು ಬದಲಿಸಿತು. 2007ರ ಸೆಪ್ಟೆಂಬರ್ 1ರಿಂದ ಬಾಜಿಯ ಕರಾರನ್ನೂ ಬೇರೆ ಕರಾರಿನಂತೆ ಕೋರ್ಟಿನಲ್ಲಿ ಜಾರಿಗೊಳಿಸಬಹುದು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 10,000 ಪೌಂಡ್‌ವರೆಗಿನ ಮೊತ್ತಕ್ಕೆ ಸರಳ ವಿಧಾನದ ಸಣ್ಣ ದಾವೆಯೇ ಸಾಕು, ವಕೀಲರು ಕಡ್ಡಾಯವಲ್ಲ.

ಭಾರತದಲ್ಲಿ ಈ ದಾರಿಗಳಿಲ್ಲ

ಇಲ್ಲಿ ಹೇಳಿದ ರಕ್ಷಣೆಗಳೆಲ್ಲ ಬ್ರಿಟನ್ನಿನ ಪರವಾನಗಿ ಪಡೆದ ಕಂಪನಿಗಳಿಗೆ ಮಾತ್ರ ಅನ್ವಯ. ಭಾರತದಲ್ಲಿ ಪರಿಸ್ಥಿತಿ ಪೂರ್ತಿ ಬೇರೆ. 1872ರ ಕರಾರು ಕಾಯ್ದೆಯ 30ನೇ ವಿಧಿಯಂತೆ ಬಾಜಿಯ ಕರಾರು ಅನೂರ್ಜಿತ, ಗೆದ್ದ ಹಣಕ್ಕೆ ದಾವೆ ನಿಲ್ಲದು. ಕೆಲವು ಕುದುರೆ ಪಂದ್ಯಗಳಿಗಷ್ಟೇ ಸಣ್ಣ ವಿನಾಯಿತಿ ಇದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆ ವಿಧಿಸಿಲ್ಲ, ಆದರೆ ಅವರ ಹಣಕ್ಕೆ ರಕ್ಷಣೆಯನ್ನೂ ಕೊಟ್ಟಿಲ್ಲ.

ಆದ್ದರಿಂದ ವಿದೇಶದಿಂದ ನಡೆಯುವ ಅಕ್ರಮ ಆಪ್‌ಗಳಲ್ಲಿ ಹಣ ಸಿಕ್ಕಿಬಿದ್ದರೆ ಎಂಟು ವಾರಗಳ ಗಡುವೂ ಇಲ್ಲ, ಐಬಾಸೂ ಇಲ್ಲ. ಅಲ್ಲಿ ನಡೆಯುವ ಒಂದು ಮೋಸವನ್ನು ಎಲ್ಲರೂ ತಿಳಿದಿರಬೇಕು. ಖಾತೆಯಲ್ಲಿ ಲಕ್ಷಗಟ್ಟಲೆ ಗೆಲುವು ತೋರಿಸುತ್ತಾರೆ. ತೆಗೆಯಲು ಹೋದರೆ ಖಾತೆ ತಡೆಯಲ್ಪಟ್ಟಿದೆ, ತೆರಿಗೆಯನ್ನೋ ಪರಿಶೀಲನಾ ಶುಲ್ಕವನ್ನೋ ಮೊದಲು ಕಟ್ಟಿ ಎನ್ನುತ್ತಾರೆ. ಕಟ್ಟಿದರೆ ಇನ್ನೊಂದು ಶುಲ್ಕ ಹುಟ್ಟಿಕೊಳ್ಳುತ್ತದೆ. ಬಾಕಿಯಿಂದಲೇ ಕಳೆದುಕೊಳ್ಳಬಹುದಾದ ಹಣವನ್ನು ಹೊಸದಾಗಿ ಕಟ್ಟಿಸಿಕೊಳ್ಳುವುದೇ ವಂಚನೆಯ ಗುರುತು. ಹಾಗೆ ಕೇಳಿದ ಕ್ಷಣವೇ ಪಾವತಿ ನಿಲ್ಲಿಸಬೇಕು. ಆಗಲೇ ಕಟ್ಟಿದ್ದರೆ ಬ್ಯಾಂಕಿಗೆ ತಿಳಿಸಿ, ತಡಮಾಡದೆ 1930 ಸಹಾಯವಾಣಿಗೆ ಕರೆಮಾಡಿ, cybercrime.gov.in ಜಾಲತಾಣದಲ್ಲಿ ದೂರು ದಾಖಲಿಸಬೇಕು. ದೂರು ಬೇಗ ತಲುಪಿದಷ್ಟೂ, ಹಣ ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲೇ ತಡೆಯುವ ಅವಕಾಶ ಹೆಚ್ಚು.

ಕಾನೂನುಬದ್ಧ ಮಾರುಕಟ್ಟೆಯಲ್ಲಿ ಆಡುವವರೂ ಒಂದನ್ನು ನೆನಪಿಡಬೇಕು. ಮಿತಿಯನ್ನು ದಾಟಲು ಇನ್ನೊಬ್ಬರ ಹೆಸರು ಎರವಲು ಪಡೆದವನು, ನ್ಯಾಯವಾಗಿ ತನಗೆ ಬರಬೇಕಾಗಿದ್ದ ಹಣವನ್ನು ಕೇಳುವ ಹಕ್ಕನ್ನೂ ಕಳೆದುಕೊಳ್ಳುತ್ತಾನೆ. ಸ್ವಂತ ಹೆಸರು, ಸ್ವಂತ ಕಾರ್ಡ್, ಒಂದೇ ಖಾತೆ ಇಟ್ಟುಕೊಂಡವನ ಬಾಜಿಯನ್ನು ಕಂಪನಿ ನಾಳೆ ನಿರಾಕರಿಸಬಹುದು. ಅವನು ನಿನ್ನೆ ಗೆದ್ದ ಹಣವನ್ನು ನಿರಾಕರಿಸಲು ಅದಕ್ಕೆ ಗಟ್ಟಿಯಾದ ಕಾರಣ ಬೇಕು, ಆ ಕಾರಣವನ್ನು ತೋರಿಸಿಕೊಡಬೇಕಾದದ್ದೂ ಕಂಪನಿಯೇ.